ತಿರುವನ್ನು ಬಿಟ್ಟುಕೊಡದ ಟ್ರೇಲರ್: ಕಿರುಚಿತ್ರ ಮಾಡುವವರಿಗೆ ಒಂದು ಮಾರ್ಗದರ್ಶಿ

ಕಿರುಚಿತ್ರ ಮುಗಿಸಿದವರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು: "ನಮ್ಮ ಕಥೆಯ ಬಲವೆಲ್ಲ ಕೊನೆಯ ತಿರುವಿನಲ್ಲಿದೆ. ಅದನ್ನು ತೋರಿಸದಿದ್ದರೆ ಟ್ರೇಲರ್‌ನಲ್ಲಿ ತೋರಿಸಲು ಏನೂ ಉಳಿಯುವುದಿಲ್ಲ, ತೋರಿಸಿದರೆ ಚಿತ್ರವೇ ಉಳಿಯುವುದಿಲ್ಲ. ಏನು ಮಾಡಬೇಕು?" ಪೂರ್ಣಾವಧಿಯ ಚಿತ್ರದಲ್ಲಿ ಉಪಕಥೆಗಳು, ಹಾಡುಗಳು, ಪೋಷಕ ಪಾತ್ರಗಳು ಇರುವುದರಿಂದ ತಿರುವನ್ನು ಮುಟ್ಟದೆಯೇ ಎರಡು ನಿಮಿಷ ತುಂಬಿಸಬಹುದು. ಹದಿನಾಲ್ಕು ನಿಮಿಷದ ಚಿತ್ರದಲ್ಲಾದರೋ ಪ್ರತಿಯೊಂದು ಶಾಟ್ ಕೂಡ ಆ ತಿರುವಿಗಾಗಿಯೇ ದುಡಿಯುತ್ತಿರುತ್ತದೆ. ಹಾಗಾಗಿ ಎಲ್ಲಿಂದ ಏನನ್ನು ತೆಗೆದುಕೊಂಡರೂ ಗುಟ್ಟಿನ ಒಂದು ಎಳೆ ಜೊತೆಗೇ ಬಂದುಬಿಡುವ ಭಯವಿರುತ್ತದೆ.

ವಿವರಣೆಗೆ ಅನುಕೂಲವಾಗಲೆಂದು ಒಂದು ಕಲ್ಪಿತ ಕಿರುಚಿತ್ರವನ್ನು ಇಟ್ಟುಕೊಳ್ಳೋಣ. ಅವಧಿ 14 ನಿಮಿಷ. ಒಂಟಿಯಾಗಿರುವ ವೃದ್ಧರೊಬ್ಬರ ಮನೆಗೆ ದಿನವೂ ಬೆಳಿಗ್ಗೆ ಒಬ್ಬ ಹೆಂಗಸು ಬರುತ್ತಾಳೆ, ಅಡುಗೆ ಮಾಡಿಟ್ಟು ಹೋಗುತ್ತಾಳೆ. ಆಕೆ ಬಂದುಹೋದ ಮೇಲೆ ಲೈಟರ್, ಚಾಕು, ಹಿಂಬಾಗಿಲ ಚಾವಿ ಹೀಗೆ ಒಂದೊಂದೇ ವಸ್ತು ಕಾಣೆಯಾಗುತ್ತದೆ. ವೃದ್ಧರು ಒಂದು ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದಿಡುತ್ತಾ, ಅವಳನ್ನು ಕೈಯಾರೆ ಹಿಡಿಯಲು ಹೊಂಚುಹಾಕುತ್ತಾರೆ. ಹನ್ನೊಂದನೆಯ ನಿಮಿಷದಲ್ಲಿ ನಮಗೆ ತಿಳಿಯುತ್ತದೆ: ಆಕೆ ಅವರ ಮಗಳು. ಮರೆವಿನ ಕಾಯಿಲೆಯಿಂದ ಅವರು ಅವಳನ್ನು ಗುರುತಿಸಲಾರರು. ಅವರು ತಮಗೇ ಅಪಾಯ ಮಾಡಿಕೊಳ್ಳಬಾರದೆಂದು ಅವಳು ಆ ವಸ್ತುಗಳನ್ನು ಮನೆಯಿಂದ ಸಾಗಿಸುತ್ತಿದ್ದಾಳೆ.

1. ತಿರುವನ್ನೂ ತಪ್ಪುನಂಬಿಕೆಯನ್ನೂ ಬರೆದಿಟ್ಟುಕೊಳ್ಳಿ

ಸಂಕಲನದ ತಂತ್ರಾಂಶವನ್ನು ತೆರೆಯುವ ಮೊದಲು ಕಾಗದದ ಮೇಲೆ ಎರಡು ವಾಕ್ಯಗಳನ್ನು ಬರೆಯಿರಿ. ಮೊದಲನೆಯದು ತಿರುವು: "ಆಕೆ ಮಗಳು." ಎರಡನೆಯದು, ತಿರುವು ಬರುವ ಕ್ಷಣದವರೆಗೆ ಪ್ರೇಕ್ಷಕರು ಯಾವುದನ್ನು ನಿಜವೆಂದು ನಂಬಿರುತ್ತಾರೋ ಅದು: "ಆಕೆ ಕಳ್ಳತನ ಮಾಡುವ ಕೆಲಸದವಳು." ಈ ಎರಡನೆಯ ವಾಕ್ಯವನ್ನು ಇಲ್ಲಿ ತಪ್ಪುನಂಬಿಕೆ ಎಂದು ಕರೆಯುತ್ತೇನೆ. ಹೆಚ್ಚಿನವರು ಮೊದಲ ವಾಕ್ಯವನ್ನು ಮುಚ್ಚಿಡುವುದರಲ್ಲೇ ಮಗ್ನರಾಗಿ ಎರಡನೆಯದನ್ನು ಬರೆಯುವುದೇ ಇಲ್ಲ. ಆದರೆ ಟ್ರೇಲರ್ ನಿಲ್ಲುವುದು ಎರಡನೆಯದರ ಮೇಲೆ. ತಪ್ಪುನಂಬಿಕೆಯನ್ನು ಒಂದೇ ವಾಕ್ಯದಲ್ಲಿ ಹೇಳಲು ನಿಮಗೆ ಆಗುತ್ತಿಲ್ಲವೆಂದರೆ, ತೊಂದರೆ ಟ್ರೇಲರ್‌ನದಲ್ಲದೆ ಚಿತ್ರಕಥೆಯದೇ ಇರಬಹುದು.

2. ಟ್ರೇಲರ್ ಕೇಳುವ ಪ್ರಶ್ನೆಯನ್ನು ಆರಿಸಿ

ಇಡೀ ಕೆಲಸದಲ್ಲಿ ಅತ್ಯಂತ ಮುಖ್ಯವಾದ ಹಂತ ಇದು. ಟ್ರೇಲರ್ ನೋಡುಗರ ಮನಸ್ಸಿನಲ್ಲಿ ಒಂದು ಪ್ರಶ್ನೆಯನ್ನು ಬಿಟ್ಟುಹೋಗಬೇಕು ಎಂಬುದು ಎಲ್ಲರಿಗೂ ಗೊತ್ತು. ಯಾವ ಪ್ರಶ್ನೆ ಎಂಬುದರಲ್ಲಿ ಹೆಚ್ಚಿನವರು ಎಡವುತ್ತಾರೆ.

ನಮ್ಮ ಉದಾಹರಣೆಯಲ್ಲಿ ತಕ್ಷಣ ಹೊಳೆಯುವ ಪ್ರಶ್ನೆ "ಆಕೆ ಯಾರು?" ಎಂಬುದು. ಕೇಳಲು ಆಕರ್ಷಕವಾಗಿದೆ, ಆದರೆ ಇದರ ಉತ್ತರವೇ ನಿಮ್ಮ ತಿರುವು. ಈ ಪ್ರಶ್ನೆಯನ್ನು ಕೇಳಿದ ಕೂಡಲೇ ನೋಡುಗರು ಮನಸ್ಸಿನಲ್ಲೇ ಉತ್ತರಗಳ ಪಟ್ಟಿ ಮಾಡತೊಡಗುತ್ತಾರೆ: ಕಳ್ಳಿಯೇ, ಹಳೆಯ ಹಗೆಯೇ, ದೆವ್ವವೇ, ಹೆಂಡತಿಯೇ, ಮಗಳೇ? ಚಿತ್ರದಲ್ಲಿ ಇರುವುದು ಇಬ್ಬರೇ ಆದ್ದರಿಂದ ಪಟ್ಟಿ ಚಿಕ್ಕದು, ಸರಿಯುತ್ತರ ಅದರಲ್ಲಿ ಇದ್ದೇ ಇರುತ್ತದೆ. ಒಮ್ಮೆ ಊಹಿಸಿದವರು ಚಿತ್ರವನ್ನು ಅನುಭವಿಸುವುದಿಲ್ಲ, ತಮ್ಮ ಊಹೆ ಸರಿಯೇ ಎಂದು ಪರೀಕ್ಷಿಸುತ್ತಾ ಕೂರುತ್ತಾರೆ.

ಇದರ ಬದಲು "ಅವರು ಅವಳನ್ನು ಹಿಡಿಯುತ್ತಾರೆಯೇ?" ಎಂದು ಕೇಳಿ ನೋಡಿ. ಈ ಪ್ರಶ್ನೆಯೊಳಗೆ ಆಕೆ ಕಳ್ಳಿ ಎಂಬುದು ಆಗಲೇ ತೀರ್ಮಾನವಾಗಿಹೋಗಿದೆ. ನೋಡುಗರ ಕುತೂಹಲವೆಲ್ಲ ಹಿಡಿಯುವ ಬಗೆಯ ಮೇಲೆ, ಹಿಡಿದರೆ ಏನಾದೀತೆಂಬ ಆತಂಕದ ಮೇಲೆ ಹರಿಯುತ್ತದೆ. ಆಕೆಯ ಗುರುತಿನ ಬಗ್ಗೆ ಯೋಚಿಸುವ ಅಗತ್ಯವೇ ಅವರಿಗೆ ಬೀಳುವುದಿಲ್ಲ. ಅಂದರೆ ತಪ್ಪುನಂಬಿಕೆಯು ಪ್ರಶ್ನೆಯ ವಿಷಯವಾಗಿರಬಾರದು, ಪ್ರಶ್ನೆ ನಿಂತಿರುವ ನೆಲವಾಗಿರಬೇಕು. ನಿಮ್ಮ ಚಿತ್ರಕ್ಕೆ ಮೂರು ನಾಲ್ಕು ಪ್ರಶ್ನೆಗಳನ್ನು ಬರೆದು, ಪ್ರತಿಯೊಂದರ ಮುಂದೆಯೂ ಅದರ ನೇರ ಉತ್ತರವನ್ನು ಬರೆಯಿರಿ. ಉತ್ತರದಲ್ಲಿ ತಿರುವಿನ ಮಾತು ಬಂದ ಪ್ರಶ್ನೆಗಳನ್ನು ಹೊಡೆದುಹಾಕಿ. ಉಳಿದವುಗಳಲ್ಲಿ ಚಿತ್ರದ ಮೊದಲ ಮೂರನೇ ಒಂದು ಭಾಗದಲ್ಲೇ ಹುಟ್ಟುವ ಪ್ರಶ್ನೆಯನ್ನು ಆರಿಸಿಕೊಳ್ಳಿ.

ಎಚ್ಚರಿಕೆ: "ನೀವು ಊಹಿಸಲಾರದ ತಿರುವು", "ಕಣ್ಣಿಗೆ ಕಂಡದ್ದೆಲ್ಲ ನಿಜವಲ್ಲ" ಎಂಬಂಥ ಅಕ್ಷರಪಟ್ಟಿಗಳನ್ನು ಟ್ರೇಲರ್‌ನಲ್ಲಿ ಹಾಕಬೇಡಿ. ಏನನ್ನೂ ತೋರಿಸದಿದ್ದರೂ ಇವು ತಿರುವನ್ನು ಕೆಡಿಸುತ್ತವೆ, ಏಕೆಂದರೆ ಇವನ್ನು ಓದಿದವರು ತಪ್ಪುನಂಬಿಕೆಯನ್ನು ನಂಬುವುದನ್ನೇ ನಿಲ್ಲಿಸುತ್ತಾರೆ.

3. ಸಾಮಗ್ರಿಯನ್ನು ಜೋಡಿಸಿಕೊಳ್ಳಿ

ಪೂರ್ತಿಗೊಂಡ ಚಿತ್ರದ ಒಂದೇ ವಿಡಿಯೋ ಕಡತದಿಂದ ಟ್ರೇಲರ್ ಕತ್ತರಿಸಲು ಹೋಗಬೇಡಿ. ಅದರಲ್ಲಿ ಮಾತು, ಸಂಗೀತ, ಸದ್ದುಗಳು ಒಂದಕ್ಕೊಂದು ಬೆರೆತುಹೋಗಿರುವುದರಿಂದ ಒಂದು ಮಾತನ್ನು ಎತ್ತಿ ಬೇರೆ ಚಿತ್ರಿಕೆಯ ಮೇಲಿಡಲು ಬರುವುದಿಲ್ಲ. ಮಾತು, ಸಂಗೀತ ಮತ್ತು ಇತರ ಸದ್ದುಗಳನ್ನು ಮೂರು ಬೇರೆ ಬೇರೆ ಧ್ವನಿಕಡತಗಳಾಗಿ ಕೊಡುವಂತೆ ನಿಮ್ಮ ಧ್ವನಿ ಸಂಯೋಜಕರನ್ನು ಕೇಳಿ. ಇವುಗಳಿಗೆ ಸ್ಟೆಮ್ ಎನ್ನುತ್ತಾರೆ. ಚಿತ್ರಿಕೆಯನ್ನು ಸಬ್‌ಟೈಟಲ್ ಅಂಟಿಸದೆ, ಬಣ್ಣ ತಿದ್ದಿದ ನಂತರದ ರೂಪದಲ್ಲಿ ತೆಗೆದುಕೊಳ್ಳಿ.

ಇದರ ಜೊತೆಗೆ ಚಿತ್ರದಲ್ಲಿ ಬಳಸದೆ ಉಳಿದ ರಶಸ್ ಕೂಡ ಬೇಕು. ರಶಸ್ ಎಂದರೆ ಕ್ಯಾಮೆರಾದಿಂದ ಬಂದ, ಕತ್ತರಿ ಮುಟ್ಟದ ಮೂಲ ಚಿತ್ರಣ. ಚಿತ್ರದಿಂದ ಹೊರಗುಳಿದ ಒಂದು ಬಾಗಿಲು, ಒಂದು ಕಿಟಕಿ, ಸುಮ್ಮನೆ ಕುಳಿತ ಮುಖ, ಇಂಥವು ಟ್ರೇಲರ್‌ಗೆ ಬಂಗಾರ. ಇವು ವಾತಾವರಣವನ್ನು ಕಟ್ಟುತ್ತವೆ, ಆದರೆ ಕಥೆಯ ಮಾಹಿತಿಯನ್ನು ಹೊರುವುದಿಲ್ಲ. ಬೇಕೆನಿಸಿದರೆ ಟ್ರೇಲರ್‌ಗಾಗಿಯೇ ಒಂದೆರಡು ಶಾಟ್ ತೆಗೆಯುವುದರಲ್ಲೂ ತಪ್ಪಿಲ್ಲ. 1960ರ 'ಸೈಕೋ' ಚಿತ್ರದ ಹೆಸರಾಂತ ಟ್ರೇಲರ್‌ನಲ್ಲಿ ನಿರ್ದೇಶಕ ಆಲ್‌ಫ್ರೆಡ್ ಹಿಚ್‌ಕಾಕ್ ತಾವೇ ಸೆಟ್‌ನೊಳಗೆ ಓಡಾಡುತ್ತಾ ಆರು ನಿಮಿಷಕ್ಕೂ ಹೆಚ್ಚು ಕಾಲ ಮಾತಾಡುತ್ತಾರೆ. ಕೊನೆಯಲ್ಲಿ ಸ್ನಾನದ ಪರದೆ ಸರಿದಾಗ ಚೀರುವ ಮುಖವೂ ಚಿತ್ರದಲ್ಲಿ ಆ ದೃಶ್ಯದಲ್ಲಿರುವ ಜಾನೆಟ್ ಲೀ ಅವರದಲ್ಲ, ವೆರಾ ಮೈಲ್ಸ್ ಅವರದು.

4. ಸೋರಿಕೆಯನ್ನು ಗುರುತಿಸಿ

ಈಗ ಚಿತ್ರವನ್ನು ಟೈಮ್‌ಲೈನ್ ಮೇಲಿಟ್ಟು ಶಾಟ್ ಶಾಟಾಗಿ ನೋಡುತ್ತಾ ಬಣ್ಣದ ಮಾರ್ಕರ್‌ಗಳನ್ನು ಹಾಕಿ. ತಿರುವಿನ ನಂತರ ಬರುವುದೆಲ್ಲ ಕೆಂಪು, ಅದನ್ನು ಮುಟ್ಟುವಂತಿಲ್ಲ. ತಿರುವಿಗೆ ಮುಂಚೆ ಬಂದರೂ ಅದನ್ನು ಬಲ್ಲವರಿಗೆ ಬೇರೆ ಅರ್ಥ ಕೊಡುವ ಶಾಟ್‌ಗಳು ಹಳದಿ. ಉಳಿದವು ಹಸಿರು. ಕೆಂಪನ್ನು ಗುರುತಿಸುವುದು ಸುಲಭ, ಕಷ್ಟವಿರುವುದು ಹಳದಿಯಲ್ಲಿ. ನೀವು ಬೇಕೆಂದೇ ಚಿತ್ರದೊಳಗೆ ಅಡಗಿಸಿಟ್ಟ ಸುಳಿವುಗಳು ಇವೇ. ಚಿತ್ರದ ಓಘದಲ್ಲಿ ಅವು ಕಣ್ಣಿಗೆ ಬೀಳದಿರಬಹುದು, ಆದರೆ ಟ್ರೇಲರ್‌ನಲ್ಲಿ ಸುತ್ತಮುತ್ತಲ ದೃಶ್ಯಗಳಿಲ್ಲದೆ ಒಂಟಿಯಾಗಿ ನಿಂತಾಗ ಎದ್ದು ಕಾಣುತ್ತವೆ.

ನಮ್ಮ ಉದಾಹರಣೆಯ ಹಳದಿಗಳನ್ನು ನೋಡೋಣ. ಆಕೆ ಅಡುಗೆಮನೆಗೆ ಬಂದು, ಹುಡುಕದೆ ನೇರವಾಗಿ ಮೇಲಿನ ಕಪಾಟಿನಿಂದ ಸಕ್ಕರೆ ಡಬ್ಬಿ ತೆಗೆಯುವ ಶಾಟ್ ಇದೆ. ಆ ಮನೆಯಲ್ಲಿ ಬೆಳೆದವಳು ಮಾತ್ರ ಹಾಗೆ ತೆಗೆಯುತ್ತಾಳೆ. ವೃದ್ಧರ ಹಿಂದಿನ ಗೋಡೆಯ ಮೇಲೆ ಪುಟ್ಟ ಹುಡುಗಿಯ ಫೋಟೋ ಇದೆ. ಮೇಜಿನ ಮೇಲೆ ವಾರದ ದಿನಗಳ ಹೆಸರು ಬರೆದ ಮಾತ್ರೆಡಬ್ಬಿ ಇದೆ. ಇನ್ನು ಮಾತುಗಳನ್ನು ಪ್ರತ್ಯೇಕವಾಗಿ, ಕಣ್ಣು ಮುಚ್ಚಿಕೊಂಡು ಕೇಳಬೇಕು. ಆಕೆ ಎಲ್ಲಿಯೂ "ಅಪ್ಪ" ಎನ್ನದಂತೆ ನೀವು ಚಿತ್ರಕಥೆಯಲ್ಲಿ ನೋಡಿಕೊಂಡಿರುತ್ತೀರಿ, ಆದರೆ ಒಂದು ಕಡೆ "ಊಟ ಮಾಡಿದ್ರಾ" ಎನ್ನುವಲ್ಲಿ ಬಾಯಿತಪ್ಪಿ "ಮಾಡಿದ್ಯಾ" ಎಂದಿದ್ದರೆ, ಆ ಏಕವಚನವೊಂದೇ ಇಬ್ಬರ ನಂಟನ್ನು ಹೇಳಿಬಿಡುತ್ತದೆ.

ಹಳದಿ ಶಾಟ್‌ಗಳನ್ನೆಲ್ಲ ಎಸೆಯಬೇಕಾಗಿಲ್ಲ. ಕೆಲವನ್ನು ಕತ್ತರಿಸಿ ಉಳಿಸಿಕೊಳ್ಳಬಹುದು: ಆಕೆಯ ಕೈ ಕಪಾಟನ್ನು ಮುಟ್ಟುವಷ್ಟರಲ್ಲಿ ಕಟ್ ಮಾಡಿದರೆ ಅದು ಕದಿಯಲು ಚಾಚಿದ ಕೈಯಾಗಿಯೇ ಉಳಿಯುತ್ತದೆ. ಕೆಲವನ್ನು ಹಿಗ್ಗಿಸಿ ಉಳಿಸಿಕೊಳ್ಳಬಹುದು: 3840 ಪಿಕ್ಸೆಲ್ ಅಗಲದಲ್ಲಿ ಚಿತ್ರೀಕರಿಸಿ 1920 ಅಗಲದ ಟ್ರೇಲರ್ ಮಾಡುವುದಾದರೆ, ಚಿತ್ರಿಕೆಯನ್ನು ಎರಡು ಪಟ್ಟಿನವರೆಗೆ ಹಿಗ್ಗಿಸಿದರೂ ಸ್ಪಷ್ಟತೆ ಕೆಡುವುದಿಲ್ಲವಾದ್ದರಿಂದ ಗೋಡೆಯ ಫೋಟೋವನ್ನು ಚೌಕಟ್ಟಿನಿಂದ ಹೊರಗಿಡಬಹುದು.

ಎಚ್ಚರಿಕೆ: "ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತದೆ, ಯಾರಿಗೂ ಕಾಣದು" ಎಂದು ಕೆಂಪು ಶಾಟೊಂದನ್ನು ಐದಾರು ಫ್ರೇಮ್ ಮಟ್ಟಿಗೆ ತುರುಕಬೇಡಿ. ಸೆಕೆಂಡಿಗೆ 24 ಫ್ರೇಮ್‌ನ ಲೆಕ್ಕದಲ್ಲಿ ಆರು ಫ್ರೇಮ್ ಎಂದರೆ ಕಾಲು ಸೆಕೆಂಡು. ಅಷ್ಟು ಹೊತ್ತಿನಲ್ಲಿ ಒಂದು ಅಪ್ಪುಗೆಯನ್ನು ಕಣ್ಣು ಸಲೀಸಾಗಿ ಗುರುತಿಸುತ್ತದೆ. ಮೇಲಾಗಿ ಫೋನಿನಲ್ಲಿ ನೋಡುವವರು ಬೇಕಾದಲ್ಲಿ ನಿಲ್ಲಿಸಿ ನೋಡಬಲ್ಲರು.

5. ಐವತ್ತು ಸೆಕೆಂಡುಗಳನ್ನು ಕಟ್ಟಿ

ಹದಿನಾಲ್ಕು ನಿಮಿಷದ ಚಿತ್ರಕ್ಕೆ 40ರಿಂದ 60 ಸೆಕೆಂಡಿನ ಟ್ರೇಲರ್ ಸಾಕು. ಅದಕ್ಕಿಂತ ಉದ್ದ ಮಾಡಿದರೆ ಹಸಿರು ಶಾಟ್‌ಗಳು ಮುಗಿದು ಹಳದಿಯ ಕಡೆಗೆ ಕೈ ಹೋಗುತ್ತದೆ.

ಮೊದಲ ನಾಲ್ಕು ಸೆಕೆಂಡು: ಸಂಸ್ಥೆಯ ಲಾಂಛನ, ಅರ್ಪಣೆ, ವಂದನೆ ಯಾವುದೂ ಬೇಡ. ನೇರವಾಗಿ ನೋಟ್‌ಬುಕ್ಕಿನ ಕ್ಲೋಸಪ್, ಬರೆಯುತ್ತಿರುವ ಕೈ, ವೃದ್ಧರ ಧ್ವನಿ: "ಸೋಮವಾರ. ಲೈಟರ್." ಅರ್ಥವಾಗದ, ಆದರೆ ನಿರ್ದಿಷ್ಟವಾದ ಒಂದು ಸಂಗತಿ ನೋಡುಗರನ್ನು ಮುಂದಿನ ಹತ್ತು ಸೆಕೆಂಡಿಗೆ ಹಿಡಿದು ಕೂರಿಸುತ್ತದೆ.

ನಾಲ್ಕರಿಂದ ಹದಿನಾರು: ಬಾಗಿಲು ತೆರೆಯುತ್ತದೆ, ಆಕೆ ಒಳಬರುತ್ತಾಳೆ, ಲೋಟ ಮೇಜಿನ ಮೇಲಿಡುತ್ತಾಳೆ, ಅವರು ಅವಳನ್ನು ನೋಡುತ್ತಾರೆ. ನಾಲ್ಕೇ ಶಾಟ್, ಒಂದೊಂದೂ ಸುಮಾರು ಮೂರು ಸೆಕೆಂಡು. ಇಲ್ಲಿ ಅವಸರ ಮಾಡಬೇಡಿ. ಮನೆಯ ನಿತ್ಯದ ಲಯ ಮನಸ್ಸಿಗೆ ಹತ್ತಿದರೆ ಮಾತ್ರ ಅದು ಕೆಡುವುದು ಗೊತ್ತಾಗುತ್ತದೆ.

ಹದಿನಾರರಿಂದ ಮೂವತ್ತೆರಡು: ಖಾಲಿ ಡ್ರಾಯರ್. "ಮಂಗಳವಾರ. ಹಿಂಬಾಗಿಲ ಚಾವಿ." ಅವರು ಡ್ರಾಯರ್‌ಗೆ ನೂಲು ಕಟ್ಟಿ ಗುರುತು ಮಾಡುತ್ತಾರೆ. ಫೋನಿನಲ್ಲಿ ತಗ್ಗಿದ ಧ್ವನಿ: "ಮನೆಗೆ ಒಬ್ಬಳು ಬರ್ತಾಳೆ..." ಅಲ್ಲಿಗೆ ಕಟ್. ಅತ್ತ ಕಡೆಯವರ ಉತ್ತರ ಕೇಳಿಸಬಾರದು, ಏಕೆಂದರೆ ಚಿತ್ರದಲ್ಲಿ ಆ ಉತ್ತರದ ಸಮಾಧಾನದ ದನಿಯೇ ಒಂದು ಸುಳಿವು.

ಮೂವತ್ತೆರಡರಿಂದ ನಲವತ್ತು: ಶಾಟ್‌ಗಳು ಒಂದು ಸೆಕೆಂಡಿಗೆ, ಬಳಿಕ ಅರ್ಧ ಸೆಕೆಂಡಿಗೆ ಇಳಿಯುತ್ತವೆ. ಬಾಗಿಲ ಮರೆಯಲ್ಲಿ ಅವರ ಕಣ್ಣು, ಅವಳ ಕೈ, ತುಂಡಾದ ನೂಲು, ಚೀಲದ ಬಾಯಿ.

ನಲವತ್ತರಿಂದ ನಲವತ್ತಮೂರು: ಎಲ್ಲ ಸದ್ದೂ ನಿಲ್ಲುತ್ತದೆ. ಆಕೆ ತಿರುಗಿ ನೇರವಾಗಿ ನೋಡುತ್ತಾಳೆ. ಕತ್ತಲೆ. ಆಮೇಲೆ ನಾಲ್ಕು ಸೆಕೆಂಡು ಶೀರ್ಷಿಕೆ.

ಕೊನೆಯ ಮೂರು ಸೆಕೆಂಡು: ಶೀರ್ಷಿಕೆಯ ನಂತರ ಬರುವ ಒಂದು ಪುಟ್ಟ ಶಾಟ್. ಇದನ್ನು ಬಟನ್ ಎನ್ನುತ್ತಾರೆ. ಮತ್ತೆ ನೋಟ್‌ಬುಕ್. "ಬುಧವಾರ..." ಎಂದು ಬರೆದ ಕೈ ಅಲ್ಲೇ ನಿಲ್ಲುತ್ತದೆ.

ಬಟನ್ ಬಗ್ಗೆ ಒಂದು ಮಾತು ಹೆಚ್ಚು ಹೇಳಬೇಕು, ಏಕೆಂದರೆ ಒಳ್ಳೆಯ ಟ್ರೇಲರ್‌ಗಳಲ್ಲೂ ಗುಟ್ಟು ಸೋರುವುದು ಬಹುಮಟ್ಟಿಗೆ ಇಲ್ಲಿಯೇ. ಸಂಕಲನಕಾರರು ತಮ್ಮ ಬಳಿ ಇರುವ ಅತ್ಯುತ್ತಮ ಮಾತನ್ನು ಕೊನೆಗೆಂದು ಕಾದಿರಿಸುತ್ತಾರೆ, ಅತ್ಯುತ್ತಮ ಮಾತು ಸಹಜವಾಗಿಯೇ ತಿರುವಿನ ಹತ್ತಿರದಲ್ಲಿರುತ್ತದೆ. ನಮ್ಮ ಚಿತ್ರದಲ್ಲಿ ಆಕೆ ಹೇಳುವ "ಇದನ್ನ ನೀವೇ ಅಲ್ವಾ ನನಗೆ ಕೊಟ್ಟಿದ್ದು?" ಎಂಬ ಮಾತು ಬಟನ್‌ಗೆಂದೇ ಬರೆದಂತಿದೆ. ಆದರೆ ಆ ಒಂದೇ ವಾಕ್ಯ ವೃದ್ಧರ ನೆನಪಿನ ಮೇಲೆ ಸಂಶಯ ಹುಟ್ಟಿಸುತ್ತದೆ, ಸಂಶಯ ಹುಟ್ಟಿದ ಮೇಲೆ ಮಗಳವರೆಗೆ ಒಂದೇ ಹೆಜ್ಜೆ. ಬಟನ್‌ನಲ್ಲಿ ಹೊಸ ಮಾಹಿತಿ ಯಾವುದೂ ಇರಬಾರದು. ಆಗಲೇ ಕಂಡ ವಸ್ತುವೊಂದು ಒಂದು ಹೆಜ್ಜೆ ಮುಂದೆ ಹೋದರೆ ಸಾಕು.

ಇನ್ನೊಂದು ಎಚ್ಚರಿಕೆ ಮುಖಭಾವಗಳ ಜೋಡಣೆಯದು. ಒಂದೇ ಮುಖದ ಪಕ್ಕದಲ್ಲಿ ಊಟದ ಬಟ್ಟಲನ್ನಿಟ್ಟರೆ ಹಸಿವೆಂದೂ, ಶವಪೆಟ್ಟಿಗೆಯನ್ನಿಟ್ಟರೆ ದುಃಖವೆಂದೂ ನೋಡುಗರು ಓದಿಕೊಳ್ಳುತ್ತಾರೆ ಎಂಬುದು ಸೋವಿಯತ್ ನಿರ್ದೇಶಕ ಲೆವ್ ಕುಲೆಶೋವ್ ಅವರ ಹೆಸರಿನಲ್ಲಿ ಪ್ರಸಿದ್ಧವಾದ ಸಂಗತಿ. ಟ್ರೇಲರ್‌ನಲ್ಲಿ ಈ ಶಕ್ತಿ ನಿಮ್ಮ ಕೈಯಲ್ಲಿರುತ್ತದೆ: ಅಪ್ಪನ ಆರೋಗ್ಯದ ಚಿಂತೆಯಿಂದ ಬಾಗಿಲಲ್ಲಿ ನಿಂತ ಅವಳ ಮುಖವನ್ನು ಖಾಲಿ ಡ್ರಾಯರ್ ಪಕ್ಕಕ್ಕಿಟ್ಟರೆ ಅದು ಕಳ್ಳಿಯ ಎಚ್ಚರವಾಗಿ ಕಾಣುತ್ತದೆ. ಇದು ನ್ಯಾಯವಾದ ಬಳಕೆ ಎಂದೇ ನನ್ನ ತೀರ್ಮಾನ, ಏಕೆಂದರೆ ಚಿತ್ರವೂ ಹನ್ನೊಂದು ನಿಮಿಷ ಅದೇ ನಂಬಿಕೆಯಲ್ಲಿ ನಡೆಸುತ್ತದೆ. ಆದರೆ ಅದೇ ಮುಖದ ಪಕ್ಕದಲ್ಲಿ ಹೊಳೆಯುವ ಚಾಕುವನ್ನಿಟ್ಟು ಕೊಲೆಯ ಸೂಚನೆ ಕೊಟ್ಟರೆ, ಚಿತ್ರದಲ್ಲೆಲ್ಲೂ ಇಲ್ಲದ ಮಾತು ಕೊಟ್ಟಂತಾಯಿತು. ಚಿತ್ರ ನಂಬಿಸುವ ಸುಳ್ಳನ್ನಷ್ಟೇ ಟ್ರೇಲರ್ ನಂಬಿಸಬಹುದು. ಕೊಲೆಯ ಕಥೆಗೆಂದು ಬಂದವರಿಗೆ ಅಪ್ಪ ಮಗಳ ಕಥೆ ಎಷ್ಟೇ ಚೆನ್ನಾಗಿದ್ದರೂ ಮೋಸವೆನಿಸುತ್ತದೆ.

6. ಸಂಗೀತ ಮತ್ತು ಮೌನ

ಚಿತ್ರದ ಕ್ಲೈಮ್ಯಾಕ್ಸ್‌ನಲ್ಲಿ ಬರುವ ರಾಗವನ್ನು ಟ್ರೇಲರ್‌ನಲ್ಲಿ ಬಳಸಬೇಡಿ. ಕರುಣೆಯ ರಾಗ ಕೇಳಿದ ಕ್ಷಣವೇ ಈ ಕಳ್ಳತನದ ಹಿಂದೆ ನೋವಿನ ಕಥೆಯಿದೆಯೆಂದು ಕಿವಿ ತಿಳಿದುಕೊಳ್ಳುತ್ತದೆ. ಮನೆಯ ಸದ್ದುಗಳಿಂದಲೇ ಲಯ ಕಟ್ಟುವುದು ಇಂಥ ಚಿತ್ರಕ್ಕೆ ಹೆಚ್ಚು ಒಪ್ಪುತ್ತದೆ: ಗಡಿಯಾರ, ಪೆನ್ನಿನ ಕೆರೆತ, ಡ್ರಾಯರ್ ಎಳೆಯುವ ಸದ್ದು. ಇವನ್ನು ಸದ್ದಿನ ಸ್ಟೆಮ್‌ನಿಂದ ಎತ್ತಿ, ಶಾಟ್‌ಗಳು ಚಿಕ್ಕವಾದಂತೆ ಅವುಗಳ ನಡುವಿನ ಅಂತರವನ್ನೂ ಕಿರಿದಾಗಿಸುತ್ತಾ ಹೋಗಿ. ನಲವತ್ತನೆಯ ಸೆಕೆಂಡಿನಲ್ಲಿ ಎಲ್ಲವೂ ನಿಂತಾಗ ಆ ಮೌನಕ್ಕೆ ಬೆಲೆ ಬರುವುದು ಇದರಿಂದಲೇ. ಬೇರೆಯವರ ಸಂಗೀತ ಬಳಸುವುದಾದರೆ, ಚಿತ್ರಕ್ಕೆ ಪಡೆದ ಅನುಮತಿ ಟ್ರೇಲರ್‌ಗೂ ಅನ್ವಯಿಸುತ್ತದೆಯೇ ಎಂದು ಪತ್ರವನ್ನು ಓದಿ ಖಚಿತಪಡಿಸಿಕೊಳ್ಳಿ. ಎಷ್ಟೋ ಸಲ ಅದು ಬೇರೆಯೇ ಆಗಿರುತ್ತದೆ.

7. ಪರೀಕ್ಷೆ ಮಾಡಿ

ಕಥೆ ಗೊತ್ತಿಲ್ಲದ ನಾಲ್ಕೈದು ಮಂದಿಗೆ ಒಬ್ಬೊಬ್ಬರಾಗಿ ತೋರಿಸಿ. ಒಟ್ಟಿಗೆ ಕೂರಿಸಿದರೆ ಒಬ್ಬರ ಊಹೆ ಎಲ್ಲರ ಊಹೆಯಾಗುತ್ತದೆ. "ತಿರುವು ಗೊತ್ತಾಯಿತೇ?" ಎಂದು ಕೇಳಬಾರದು, ಆ ಪ್ರಶ್ನೆಯೇ ಅವರನ್ನು ಹುಡುಕಲು ಹಚ್ಚುತ್ತದೆ. ಬದಲಿಗೆ ಎರಡೇ ಪ್ರಶ್ನೆ ಕೇಳಿ: "ಇದು ಯಾವುದರ ಕಥೆ ಅನ್ನಿಸಿತು?" ಮತ್ತು "ಮುಂದೆ ಏನು ತಿಳಿಯಬೇಕು ಅನ್ನಿಸಿತು?" ಮೊದಲ ಉತ್ತರದಲ್ಲಿ ನಿಮ್ಮ ತಪ್ಪುನಂಬಿಕೆಯೂ ಎರಡನೆಯದರಲ್ಲಿ ನೀವು ಆರಿಸಿದ ಪ್ರಶ್ನೆಯೂ ಅವರದೇ ಮಾತಿನಲ್ಲಿ ಬಂದರೆ ಟ್ರೇಲರ್ ಕೆಲಸ ಮಾಡುತ್ತಿದೆ. ಎರಡನೆಯದಕ್ಕೆ "ಆ ಹೆಂಗಸು ಯಾರು ಅಂತ" ಎಂದರೆ ಎರಡನೆಯ ಹಂತಕ್ಕೆ ಹಿಂದಿರುಗಬೇಕು. "ಏನೂ ಅರ್ಥವಾಗಲಿಲ್ಲ" ಎಂದರೆ ನೀವು ಗುಟ್ಟಿನ ಭಯದಲ್ಲಿ ತಪ್ಪುನಂಬಿಕೆಯನ್ನೂ ಮುಚ್ಚಿಟ್ಟಿದ್ದೀರಿ ಎಂದರ್ಥ. ಹೊಸಬರ ಟ್ರೇಲರ್‌ಗಳಲ್ಲಿ ಸೋರಿಕೆಗಿಂತ ಈ ದೋಷವೇ ಹೆಚ್ಚೆಂದು ನನಗೆ ಅನ್ನಿಸುತ್ತದೆ. ಬರೀ ಕತ್ತಲೆ, ಗಾಬರಿಯ ಮುಖಗಳು, ಗುಡುಗಿನಂಥ ಸದ್ದು ಇಷ್ಟೇ ಇದ್ದರೆ ಕುತೂಹಲ ಹುಟ್ಟುವುದಿಲ್ಲ, ಏಕೆಂದರೆ ಏನೂ ತಿಳಿಯದ ವಿಷಯದ ಬಗ್ಗೆ ಯಾರಿಗೂ ಕುತೂಹಲವಿರುವುದಿಲ್ಲ.

ಯಾರಾದರೂ ತಿರುವನ್ನೇ ಹೇಳಿಬಿಟ್ಟರೆ ಯಾವ ಶಾಟ್ ಅಥವಾ ಮಾತಿನಿಂದ ಹಾಗನ್ನಿಸಿತೆಂದು ಕೇಳಿ. ನಿರ್ದಿಷ್ಟವಾಗಿ ತೋರಿಸಿದರೆ ಅದನ್ನು ತೆಗೆಯಿರಿ. "ಸುಮ್ಮನೆ ಅನ್ನಿಸಿತು" ಎಂದರೆ ಅದು ಅಂದಾಜು. ಇನ್ನೊಬ್ಬರೂ ಹಾಗೆಯೇ ಹೇಳುವವರೆಗೆ ಏನನ್ನೂ ಬದಲಿಸಬೇಡಿ. ಚಿತ್ರವನ್ನು ಈಗಾಗಲೇ ನೋಡಿದ ಒಬ್ಬಿಬ್ಬರಿಗೂ ಟ್ರೇಲರ್ ತೋರಿಸಿ, ಮೋಸ ಮಾಡಿದಂತೆ ಕಾಣುತ್ತದೆಯೇ ಎಂದು ಕೇಳುವುದು ಒಳ್ಳೆಯದು. ಅವಳು ತಿರುಗಿ ನೋಡುವ ಶಾಟ್‌ನಲ್ಲಿ ಅವರಿಗೆ ಈಗ ಮಗಳ ಸಂಕಟ ಕಂಡರೆ ನೀವು ಸರಿಯಾದ ಶಾಟನ್ನೇ ಆರಿಸಿದ್ದೀರಿ.

8. ಟ್ರೇಲರ್‌ನ ಸುತ್ತಲಿನದನ್ನು ನೋಡಿಕೊಳ್ಳಿ

ಇಷ್ಟೆಲ್ಲ ಕಾಪಾಡಿದ ಗುಟ್ಟು ವಿಡಿಯೋದ ಹೊರಗೆ ಸೋರುವುದುಂಟು. ಪಾತ್ರವರ್ಗದ ಪಟ್ಟಿಯಲ್ಲಿ ನಟಿಯ ಹೆಸರಿನ ಮುಂದೆ "ಮಗಳು" ಎಂದು ಬರೆದಿರಬಾರದು; ಹೆಸರಷ್ಟೇ ಇರಲಿ. ವಿವರಣೆಯಲ್ಲಿ, ಹುಡುಕುಪದಗಳಲ್ಲಿ ಮರೆವಿನ ಕಾಯಿಲೆಯ ಪ್ರಸ್ತಾಪ ಬೇಡ. ಚಿತ್ರದ ಒಳಾರ್ಥವನ್ನು ಹೇಳುವ ಆಸೆಯಿಂದ ತಂಡದವರು ಹಾಕುವ ಪೋಸ್ಟರ್‌ಗಳಿಗೂ ಇದೇ ನಿಯಮ. ಸಬ್‌ಟೈಟಲ್ ಕಡತವನ್ನು ಚಿತ್ರದ ಕಡತದಿಂದ ನಕಲಿಸಿದ್ದರೆ ಮಾತಾಡುವವರ ಗುರುತಾಗಿ ಪಾತ್ರದ ನಂಟು ಉಳಿದುಕೊಂಡಿರಬಹುದು, ಸಾಲು ಸಾಲಾಗಿ ಓದಿ. ಥಂಬ್‌ನೇಲ್ ಅನ್ನು, ಅಂದರೆ ವಿಡಿಯೋ ತೆರೆಯುವ ಮುನ್ನ ಕಾಣುವ ಚಿಕ್ಕ ಚಿತ್ರವನ್ನು, ತಾನಾಗಿ ಆಯ್ಕೆಯಾಗಲು ಬಿಡದೆ ನೀವೇ ಹಸಿರು ಶಾಟೊಂದರಿಂದ ಆರಿಸಿ ಹಾಕಿ. ಮುಂದೆ ಪೂರ್ತಿ ಚಿತ್ರವನ್ನು ಬಿಡುಗಡೆ ಮಾಡುವಾಗಲೂ ಅದರ ಥಂಬ್‌ನೇಲ್ ಹಸಿರಿನದೇ ಆಗಿರಲಿ, ಏಕೆಂದರೆ ಟ್ರೇಲರ್ ಮುಗಿದೊಡನೆ ನೋಡುಗರ ಕಣ್ಣಿಗೆ ಬೀಳುವುದು ಅದೇ.